ಪೈಲ್ವಾನ್ ಕೆಲಸಕ್ಕೆ ಮರಳಿದ ವಾರ

ಪೈಲ್ವಾನ್ ಸೋಮವಾರದಿಂದ ಕೆಲಸಕ್ಕೆ ಬರುತ್ತಾನೆ ಎಂಬ ಸುದ್ದಿ ಬಂದಾಗಿನಿಂದ ಮೇಲ್ವಿಚಾರಕಿಗೆ ಆತಂಕ ಶುರುವಾಗಿತ್ತು. ಅವನು ಬರುವುದು ಬೇಡವಾಗಿತ್ತೆಂದಲ್ಲ. ಬೆಳಗಿನ ಪಾಳಿಯಲ್ಲಿ ಅವನ ಕುರ್ಚಿ ಖಾಲಿ ಬಿದ್ದಿರುವುದನ್ನು ಕಂಡು ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವಳು ಅವಳೇ. ಅವಳು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವ ಪಂಪು ಯಾವ ದನಿ ಮಾಡಿದರೆ ಏನರ್ಥ ಎಂದು ಕೈ ಹಿಡಿದು ಕಲಿಸಿದವನು ಅವನು. ಅವನಿಗೆ ಅವಳು ಇವತ್ತಿಗೂ ‘ತಂಗಿ’; ಅವಳಿಗೆ ಅವನು ‘ಅಣ್ಣ’. ಉಳಿದವರಿಗೆಲ್ಲ ಪೈಲ್ವಾನ್. ಕುಸ್ತಿ ಆಡಿದವನಲ್ಲ, ಆದರೆ ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬಾರದಷ್ಟು ಅಗಲದ ಆಳು.

ಅವರು ಕೆಲಸ ಮಾಡುತ್ತಿದ್ದದ್ದು ಊರಿಗೆ ಕುಡಿಯುವ ನೀರು ಶುದ್ಧ ಮಾಡಿ ಕಳಿಸುವ ಘಟಕದಲ್ಲಿ. ನದಿಯ ನೀರು ಬಂದು ಪಟಿಕ ಬೆರೆತು ಮಣ್ಣು ತಳಕ್ಕಿಳಿಯುತ್ತದೆ. ತಿಳಿಯಾದದ್ದು ಮರಳಿನ ಹಾಸಿನಲ್ಲಿ ಸೋಸಿಹೋಗುತ್ತದೆ. ಕಡೆಗೆ ಕ್ಲೋರಿನ್ ಗ್ಯಾಸ್ ಸೇರಿ ಟ್ಯಾಂಕಿಗೆ ಹೋಗುತ್ತದೆ. ಆ ಗ್ಯಾಸ್ ತುಂಬಿದ ಉದ್ದನೆಯ ಕಬ್ಬಿಣದ ಸಿಲಿಂಡರುಗಳು ಅಂಗಳದ ಆಚೆ ಬದಿಯ ಒಂದು ಒಂಟಿ ಕಟ್ಟಡದಲ್ಲಿ ಮಲಗಿರುತ್ತವೆ. ಎಲ್ಲರೂ ಅದನ್ನು ಗ್ಯಾಸ್ ರೂಮ್ ಎನ್ನುತ್ತಾರೆ.

ಹಿಂದಿನ ವರ್ಷ ಆ ರೂಮಿನಲ್ಲಿ ಸಿಲಿಂಡರಿಗೆ ಜೋಡಿಸಿದ ತಾಮ್ರದ ಕೊಳವೆ ಬಿರಿದಿತ್ತು. ಆಗಿನ ಪದ್ಧತಿ ಸರಳವಾಗಿತ್ತು: ಸೈರನ್ ಕೂಗಿದರೆ ಪಾಳಿಯಲ್ಲಿ ಯಾರ ಸರದಿಯೋ ಅವರು ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ವಾಲ್ವ್ ಮುಚ್ಚಬೇಕು. ಅವತ್ತು ಪೈಲ್ವಾನನ ಸರದಿ. ಹೋದ, ಮುಚ್ಚಿದ. ಆದರೆ ಮುಖಕ್ಕೆ ಕಟ್ಟುವ ಆ ಹಳೆಯ ಮಾಸ್ಕಿನ ಗಾಳಿ ಸೋಸುವ ಡಬ್ಬಿ ಅಷ್ಟು ದಟ್ಟ ಗ್ಯಾಸನ್ನು ತಡೆಯುವಂಥದ್ದಾಗಿರಲಿಲ್ಲ. ಹೊರಗೆ ಬರುವಾಗ ಹೊಸ್ತಿಲ ಮೇಲೆ ಬಿದ್ದ. ಅಲ್ಲಿಂದ ಆಸ್ಪತ್ರೆ, ಆಕ್ಸಿಜನ್, ಮನೆ, ಮತ್ತೆ ಆಸ್ಪತ್ರೆ. ಶ್ವಾಸಕೋಶ ಒಂದು ಹದಕ್ಕೆ ಬಂದ ಮೇಲೆ ಮನಸ್ಸಿನ ಕಾಯಿಲೆ ಶುರುವಾಯಿತು, ಅದಕ್ಕೆ ಬೇರೆ ಡಾಕ್ಟರು, ಬೇರೆ ಮಾತ್ರೆ.

ಭಾನುವಾರ ಸಂಜೆ ಪೈಲ್ವಾನನ ಹೆಂಡತಿ ಫೋನ್ ಮಾಡಿದಳು.

“ಕೆಲಸಕ್ಕೆ ಹೋಗ್ಲೇಬೇಕು ಅಂತ ಹಟ. ಡಾಕ್ಟ್ರೂ ಹೂಂ ಅಂದಿದ್ದಾರೆ, ಹಗುರದ ಕೆಲಸ ಮಾತ್ರ, ಆ ರೂಮಿನ ಕಡೆ ಬೇಡ ಅಂತ ಬರ್ಕೊಟ್ಟಿದ್ದಾರೆ,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ನಿದ್ದೇಲಿ ಕೈ ತಿರುಗಿಸ್ತಾರೆ ಕಣಮ್ಮ. ನಲ್ಲಿ ಮುಚ್ಚೋ ಹಾಗೆ. ನಾನು ಕೈ ಹಿಡ್ಕೊಂಡ್ರೂ ಬಿಡಲ್ಲ.”

ಮೇಲ್ವಿಚಾರಕಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

“ಒಂದು ಉಪಕಾರ ಮಾಡು. ಅವರ ಮುಂದೆ ಆ ರೂಮಿನ ಸುದ್ದೀನೇ ಎತ್ತಬೇಡಿ. ಯಾರೂ ಎತ್ತಬಾರದು.”

“ಇಲ್ಲ ಅತ್ತಿಗೆ, ಎತ್ತಲ್ಲ,” ಎಂದು ಅವಳು ಮಾತು ಕೊಟ್ಟಳು.

ಮಾತು ಕೊಡುವುದು ಸುಲಭವಾಗಿತ್ತು, ನಡೆಸುವುದು ಹಾಗಲ್ಲ. ಅವನಿಲ್ಲದ ಕಾಲದಲ್ಲಿ ಘಟಕದ ಅರ್ಧ ಭಾಗವೇ ಬದಲಾಗಿಹೋಗಿತ್ತು. ಅಪಘಾತದ ತನಿಖೆಯಾಗಿ ಹೊಸ ನಿಯಮಗಳು ಬಂದಿದ್ದವು. ಮರಳು ತೊಳೆಯಲು ಎಳೆಯುತ್ತಿದ್ದ ಕಬ್ಬಿಣದ ಹಿಡಿಗಳು ಹೋಗಿ ಬೆರಳಿಂದ ಮುಟ್ಟುವ ಕಂಪ್ಯೂಟರ್ ಪರದೆ ಬಂದಿತ್ತು. ಮೀಟರ್ ಓದಿ ಪುಸ್ತಕಕ್ಕೆ ಬರೆಯುವುದು ನಿಂತು ಎಲ್ಲ ಟ್ಯಾಬ್ಲೆಟ್‌ಗೆ ಹೋಗಿತ್ತು. ಇದೆಲ್ಲ ಸೇರಿ ಎಂಜಿನಿಯರ್ ಒಂದು ಫೈಲ್ ಮಾಡಿಸಿಟ್ಟಿದ್ದರು. ಎತ್ತಿದರೆ ಮಣಿಕಟ್ಟು ನೋಯುವಷ್ಟು ದಪ್ಪ.

“ಸೋಮವಾರವೇ ಪೂರ್ತಿ ಓದಿಸಿ ಸಹಿ ಹಾಕಿಸ್ಕೊಳ್ಳಿ,” ಎಂದಿದ್ದರು ಅವರು. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೇಳಿಲ್ಲ ಅನ್ನೋ ಮಾತು ಬರಬಾರದು.”

“ಸಾರ್, ಒಂದೇ ದಿನ ಇಷ್ಟು ತುಂಬಿದ್ರೆ ಒಂದೂ ನಿಲ್ಲಲ್ಲ. ಸಹಿ ಸಿಗುತ್ತೆ, ಅಷ್ಟೇ. ಎರಡು ವಾರ ಕೊಡಿ. ಸ್ವಲ್ಪ ಸ್ವಲ್ಪ ಹೇಳ್ತೀನಿ.”

“ಸುರಕ್ಷತೆ ವಿಷಯ?”

“ಅದು ಮೊದಲ ದಿನವೇ. ಅದನ್ನ ನಾನೇ ಹೇಳ್ತೀನಿ.”

ಎಂಜಿನಿಯರ್ ಫೈಲನ್ನೂ ಅವಳನ್ನೂ ಒಮ್ಮೆ ನೋಡಿದರು. ಕೆಟ್ಟವರಲ್ಲ. ಅಪಘಾತದ ದಿನ ಆ್ಯಂಬುಲೆನ್ಸ್‌ನಲ್ಲಿ ಪೈಲ್ವಾನನ ಪಕ್ಕ ಕೂತು ಹೋದವರು ಅವರೇ. ಆ ಹೆದರಿಕೆ ಅವರಲ್ಲಿ ಕಾಗದ ಕೂಡಿಡುವ ಚಟವಾಗಿ ಕೂತಿತ್ತು. “ಸರಿ. ನಿಮ್ಮ ಜವಾಬ್ದಾರಿ,” ಎಂದರು.

ಸೋಮವಾರ ಬೆಳಿಗ್ಗೆ ಅವಳು ಪಾಳಿಯವರನ್ನು ಕೂರಿಸಿಕೊಂಡು ಹೇಳಿದಳು: ಹಾರ ತುರಾಯಿ ಬೇಡ, ಚಪ್ಪಾಳೆ ಬೇಡ, ಹೇಗಿದ್ದೀರಿ ಎಂದು ಒಬ್ಬೊಬ್ಬರೂ ಸರದಿಯಲ್ಲಿ ಕೇಳುವುದು ಬೇಡ. ನಿನ್ನೆ ಬಿಟ್ಟು ಹೋದವನು ಇವತ್ತು ಬಂದ ಹಾಗೆ ಇರಿ. ಗ್ಯಾಸ್ ರೂಮಿನ ಮಾತಂತೂ ಬೇಡವೇ ಬೇಡ.

ಪಾಳಿಯೆಂದರೆ ದೊಡ್ಡ ದಂಡೇನಲ್ಲ. ನೀರು ಪರೀಕ್ಷೆ ಮಾಡುವ ಲ್ಯಾಬಿನ ಹೆಂಗಸು, ಮಾತಿನ ಮಲ್ಲನಾದ ಫಿಟ್ಟರ್, ಪಂಪ್ ನೋಡಿಕೊಳ್ಳುವ ಇಬ್ಬರು. ಫಿಟ್ಟರ್‌ಗೆ ಹೆಂಡತಿ, ಇನ್ನೂ ಅಂಬೆಗಾಲಿಡುವ ಮಗು. ಪೈಲ್ವಾನ್ ರಜೆ ಹೋದ ಮೇಲೆ ಗ್ಯಾಸ್ ರೂಮಿನ ಕೆಲಸ ಈ ಫಿಟ್ಟರ್‌ನ ಪಾಲಿಗೆ ಬಂದಿತ್ತು.

ಗೇಟಿನಲ್ಲಿ ಪೈಲ್ವಾನ್ ಕಾಣಿಸಿದಾಗ ಅವಳಿಗೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅದೇ ಅಂಗಿ, ಆದರೆ ಒಳಗಿದ್ದ ಆಳು ಅರ್ಧ ಖಾಲಿಯಾದಂತಿತ್ತು. ಅವನು ಗೇಟಿನಿಂದ ಆಫೀಸಿಗೆ ನೇರ ದಾರಿ ಬಿಟ್ಟು ಗೋಡೆಗುಂಟ ಸುತ್ತಿ ಬಂದ. ನೇರ ದಾರಿ ಗ್ಯಾಸ್ ರೂಮಿನ ಮುಂದೆ ಹಾದುಹೋಗುತ್ತದೆ.

“ಬನ್ನಿ ಅಣ್ಣ. ಟೀ ಬಿಸಿ ಇದೆ,” ಎಂದಳು.

ಫಿಟ್ಟರ್ ಲೋಟ ಕೊಟ್ಟ. “ಪೈಲ್ವಾನಣ್ಣ, ನೀವಿಲ್ದೆ ಸಕ್ಕರೆ ಡಬ್ಬ ತಿಂಗಳಾದ್ರೂ ಖಾಲಿ ಆಗ್ತಿರಲಿಲ್ಲ. ಇರುವೆಗಳು ಬಂದು ಸಂಸಾರ ಹೂಡಿದ್ವು.”

ಪೈಲ್ವಾನ್ ನಕ್ಕ. ನಗು ಕೆಮ್ಮಾಗಿ ತಿರುಗಿತು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

ಅವತ್ತು ಅವಳು ಅವನಿಗೆ ಹೇಳಿಕೊಟ್ಟದ್ದು ಸ್ವಲ್ಪವೇ. ಯಾರು ವರ್ಗವಾಗಿ ಹೋದರು, ಯಾರು ಬಂದರು. ಅವನ ಜಾಗ ಈಗ ಸೋಸುವ ಮನೆಯಲ್ಲಿ, ಲ್ಯಾಬಿನ ಪಕ್ಕ. ಏನೇ ಅನುಮಾನ ಬಂದರೂ ಮೊದಲು ಲ್ಯಾಬಿನವಳನ್ನು ಕೇಳುವುದು, ಅವಳಿಲ್ಲದಿದ್ದರೆ ತನ್ನನ್ನು. ಕೊನೆಗೆ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಗಾಳಿಯ ದಿಕ್ಕು ತಿಳಿಯಲು ಕಂಬದ ಮೇಲೆ ಹಾರಿಸಿದ್ದ ಗಾಳಿಚೀಲ ತೋರಿಸಿದಳು.

“ಸೈರನ್ ಕೇಳಿದ್ರೆ ಇದನ್ನ ನೋಡಿ. ಗಾಳಿ ಯಾವ ಕಡೆಯಿಂದ ಬರ್ತಿದೆಯೋ ಆ ಕಡೆಗೇ ನಡೀರಿ. ಮೊದಲಿನ ಹಾಗೆ ಬರೀ ಗೇಟಿಗೆ ಓಡೋದಲ್ಲ. ಈಗ ಸೇರೋ ಜಾಗ ಎರಡಿವೆ, ಒಂದು ಗೇಟು, ಇನ್ನೊಂದು ಹಿಂದಿನ ಟ್ಯಾಂಕು. ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡೋದು. ನಿಮ್ಮ ಕೆಲಸ ಅಷ್ಟೇ.”

ಪೈಲ್ವಾನ್ ಗಾಳಿಚೀಲವನ್ನೇ ನೋಡುತ್ತಿದ್ದ. ನಡುಗುತ್ತಿದ್ದ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

“ಮತ್ತೆ ಒಳಗೆ ಯಾರು ಹೋಗ್ತಾರೆ?” ಎಂದು ಕೇಳಿದ.

ಆ ಪ್ರಶ್ನೆಗೆ ಅವಳ ಬಳಿ ಉತ್ತರವಿತ್ತು. ಆದರೆ ಆ ಉತ್ತರ ಹೇಳಬೇಕಾದರೆ ಆ ರೂಮಿನ ಹೆಸರೆತ್ತಬೇಕು, ವಾಲ್ವ್ ಎನ್ನಬೇಕು, ಸಿಲಿಂಡರ್ ಎನ್ನಬೇಕು. ನಡುಗುವ ಆ ಕೈ ಅವಳ ಕಣ್ಣ ಮುಂದಿತ್ತು. ಅತ್ತಿಗೆಗೆ ಕೊಟ್ಟ ಮಾತೂ ಇತ್ತು.

“ಅದನ್ನ ಆಮೇಲೆ ಹೇಳ್ತೀನಿ ಅಣ್ಣ. ಈಗ ಅದರ ಚಿಂತೆ ನಿಮಗೆ ಬೇಡ.”

ಅವನು ತಲೆಯಾಡಿಸಿದ. ಮತ್ತೆ ಕೇಳಲಿಲ್ಲ.

ಮಂಗಳವಾರ ಅವಳು ಒಂದೇ ಒಂದು ವಿಷಯ ಇಟ್ಟುಕೊಂಡಳು: ಮರಳಿನ ಹಾಸು ತೊಳೆಯುವುದು. ಹಾಸಿನಲ್ಲಿ ಕೆಸರು ಕಟ್ಟಿಕೊಂಡಾಗ ಒಳಬರುವ ನೀರು ನಿಲ್ಲಿಸಿ, ಕೆಳಗಿನಿಂದ ಮೊದಲು ಗಾಳಿ, ಆಮೇಲೆ ನೀರು ಮೇಲ್ಮುಖವಾಗಿ ನುಗ್ಗಿಸಬೇಕು. ಅದೇ ಹಳೆಯ ಕೆಲಸ. ಹಿಡಿ ಎಳೆಯುವ ಬದಲು ಪರದೆಯ ಮೇಲೆ ಬೆರಳಿಡಬೇಕು, ಅಷ್ಟೇ ವ್ಯತ್ಯಾಸ. ಅವಳು ಒಂದು ಹಾಸು ತೊಳೆದು ತೋರಿಸಿದಳು. ಎರಡನೆಯದನ್ನು ಅವನು ತೊಳೆದ. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತಳು. ಕಂದು ನೀರು ಉಕ್ಕಿ ಮೇಲೆ ಬಂದು ಕಾಲುವೆಗೆ ಬಿದ್ದು, ನಿಧಾನಕ್ಕೆ ತಿಳಿಯಾಯಿತು. ಅವನ ಮುಖದಲ್ಲಿ ಹಳೆಯ ಪೈಲ್ವಾನ್ ಒಂದು ಸಲ ಇಣುಕಿ ಹೋದ.

“ಮೂರನೇದೂ ಮಾಡ್ತೀನಿ.”

“ಸಾಕು ಅಣ್ಣ. ನಾಳೆಗೆ ಇರಲಿ.”

ಆದರೆ ಮಧ್ಯಾಹ್ನ ಅವಳು ಪಂಪ್ ಹೌಸಿಗೆ ಹೋಗಿದ್ದಾಗ ಎಂಜಿನಿಯರ್ ಬಂದರು. ಅವಳು ಹಿಂತಿರುಗಿ ನೋಡಿದರೆ ಪೈಲ್ವಾನನ ಕೈಯಲ್ಲಿ ಟ್ಯಾಬ್ಲೆಟ್, ಎಂಜಿನಿಯರ್ ಪಕ್ಕದಲ್ಲಿ ಬಗ್ಗಿ ಒಂದೇ ಉಸಿರಿಗೆ ಹೇಳುತ್ತಿದ್ದಾರೆ: ಇಲ್ಲಿ ಹಾಜರಿ, ಇಲ್ಲಿ ರಜೆ, ಇಲ್ಲಿ ರೀಡಿಂಗ್, ಇಲ್ಲಿ ದೂರು, ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗುತ್ತೆ. ಪೈಲ್ವಾನ್ ಹೂಂ ಹೂಂ ಎನ್ನುತ್ತಿದ್ದ. ಅವನ ಕಣ್ಣು ಪರದೆಯ ಮೇಲಿತ್ತು, ಅವನು ಎಲ್ಲೋ ಇದ್ದ. ಅವರು ಹೋದ ಮೇಲೆ ಅವನು ಬೆಳಿಗ್ಗೆ ತೊಳೆದಿದ್ದ ಹಾಸನ್ನೇ ಮತ್ತೆ ತೊಳೆಯಲು ಶುರು ಮಾಡಿದ. ಲ್ಯಾಬಿನವಳು ನೋಡಿ ನಿಲ್ಲಿಸದಿದ್ದರೆ ತೊಳೆಯಲು ಬಳಸುವ ಅಷ್ಟೂ ಶುದ್ಧ ನೀರು ಚರಂಡಿ ಪಾಲಾಗುತ್ತಿತ್ತು.

“ನಂಗೆ ತಲೇಲಿ ಏನೂ ನಿಲ್ತಿಲ್ಲ ತಂಗಿ,” ಎಂದ ಅವನು, ಅವಳ ಮುಖ ನೋಡದೆ. “ಸೀಮೆಗಿಲ್ಲದ ಪೆದ್ದನ ಹಾಗಾಗಿದೀನಿ.”

“ನಿಮ್ಮ ತಪ್ಪಲ್ಲ. ನಾಳೆ ಟ್ಯಾಬ್ಲೆಟ್ ಮುಟ್ಟೋದೇ ಬೇಡ.”

ಅವಳು ಎಂಜಿನಿಯರ್ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಏನು ಹೇಳಬೇಕೋ ಅದನ್ನು ಮೆತ್ತಗೆ ಹೇಳಿ ಬಂದಳು. ಅವರು ವಾದ ಮಾಡಲಿಲ್ಲ. ತನ್ನ ದಾರಿಯೇ ಸರಿ, ಸ್ವಲ್ಪ ಸ್ವಲ್ಪವೇ ಸರಿ ಎಂದು ಅವಳಿಗೆ ಅವತ್ತು ಗಟ್ಟಿಯಾಯಿತು.

ಬುಧವಾರ, ಗುರುವಾರ ದಿನಗಳು ತಣ್ಣಗೆ ಹೋದವು. ಮೇಲಿನಿಂದ ನೋಡಿದರೆ ಅಷ್ಟೇ. ಲ್ಯಾಬಿನವಳು ಮಾತ್ರ ಅವಳನ್ನು ಮೂಲೆಗೆ ಕರೆದು ಹೇಳಿದಳು: “ಅವರು ಕಿಟಕಿಯಿಂದ ಗ್ಯಾಸ್ ರೂಮನ್ನೇ ನೋಡ್ತಿರ್ತಾರೆ. ನಾನು ನೀರಿಗೆ ಔಷಧಿ ಹಾಕಿ, ಕ್ಲೋರಿನ್ ಇದೆ ಅಂತ ಬಾಟಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಸಾಕು, ವಾಸನೆ ಬಂದ ಹಾಗೆ ಮೂಗು ಅರಳಿಸ್ತಾರೆ. ನಿನ್ನೆ ಕೇಳಿದ್ರು, ಆ ರೂಮು ಈಗ ಯಾರದು ಅಂತ.”

“ನೀನೇನಂದೆ?”

“ಫಿಟ್ಟರ್‌ದು ಅಂದೆ. ಅಷ್ಟೇ. ಹೆಚ್ಚು ಮಾತಾಡ್ಲಿಲ್ಲ, ನೀವೇ ಬೇಡ ಅಂದಿದ್ರಲ್ಲ.”

ಮೇಲ್ವಿಚಾರಕಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಏನೋ ಒಂದನ್ನು ತೆರೆದಿಟ್ಟು ಬಂದ ಹಾಗೆ, ಒಲೆಯೋ ನಲ್ಲಿಯೋ, ಯಾವುದೆಂದು ಮಾತ್ರ ನೆನಪಾಗುತ್ತಿರಲಿಲ್ಲ. ಮುಂದಿನ ವಾರ ಅಣ್ಣನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಖಾಲಿಯಾದ ಸಿಲಿಂಡರ್ ತೆಗೆದು ತುಂಬಿದ್ದನ್ನು ಜೋಡಿಸುವುದಿತ್ತು. ಫಿಟ್ಟರ್ ಗ್ಯಾಸ್ ರೂಮಿನ ಕಡೆ ಹೋಗುವುದನ್ನು ಪೈಲ್ವಾನ್ ಕಿಟಕಿಯಿಂದ ನೋಡಿದ್ದ. ಅದು ಅವಳಿಗೆ ತಿಳಿದದ್ದು ಆಮೇಲೆ. ಅವಳು ಆಫೀಸಿನಲ್ಲಿ ಪಂಪಿನವನ ಜೊತೆ ಮಾತಾಡುತ್ತಿದ್ದಾಗ ಸೈರನ್ ಕೂಗಿತು.

ಮೊದಲು ಬಿಟ್ಟುಬಿಟ್ಟು, ಕೂಡಲೇ ಒಂದೇ ಸಮನೆ. ಒಂದೇ ಸಮನೆ ಕೂಗಿದರೆ ಎಲ್ಲರೂ ಹೊರಗೆ ಎಂದರ್ಥ. ಅವಳ ಕಾಲು ತಾನಾಗಿ ಅಂಗಳಕ್ಕೆ ನಡೆಯಿತು. ಗಾಳಿಚೀಲ ಗೇಟಿನ ಕಡೆಗೆ ಬಾಲ ಚಾಚಿತ್ತು. ಅಂದರೆ ಗಾಳಿ ಬರುತ್ತಿರುವುದು ಹಿಂದಿನ ಟ್ಯಾಂಕಿನ ಕಡೆಯಿಂದ. “ಟ್ಯಾಂಕಿಗೆ, ಟ್ಯಾಂಕಿಗೆ,” ಎನ್ನುತ್ತ ಅವಳು ಗ್ಯಾಸ್ ರೂಮಿನಿಂದ ಆದಷ್ಟು ದೂರ ಸುತ್ತಿ ಎಲ್ಲರನ್ನೂ ನಡೆಸಿದಳು.

ಟ್ಯಾಂಕಿನ ಬಳಿ ಹೆಸರು ಕರೆದು ಎಣಿಸಿದಳು. ಪಂಪಿನವರಿಬ್ಬರೂ ಇದ್ದರು. ಲ್ಯಾಬಿನವಳಿದ್ದಳು. ಎಂಜಿನಿಯರ್ ಓಡುತ್ತಲೇ ಬಂದು ಅಗ್ನಿಶಾಮಕದವರಿಗೆ ಫೋನ್ ಹಚ್ಚಿದ್ದರು. ಫಿಟ್ಟರ್ ಕೂಡ ಇದ್ದ, ಮುಖ ಬೆಳ್ಳಗೆ. “ಜೋಡಿಸಿ, ವಾಲ್ವ್ ತೆಗೆದು, ಹೊರಗೆ ಬಂದಿದ್ದೆ ಅಷ್ಟೇ. ವಾಷರ್ ಸರಿಯಾಗಿ ಕೂತಿಲ್ಲ ಅನ್ಸುತ್ತೆ ಮೇಡಂ.”

ಪೈಲ್ವಾನ್ ಇರಲಿಲ್ಲ.

“ನನ್ನ ಜೊತೇಲೇ ಎದ್ರು,” ಎಂದಳು ಲ್ಯಾಬಿನವಳು. “ಫಿಟ್ಟರ್ ರೂಮಿನ ಕಡೆ ಹೋದದ್ದನ್ನ ಕಿಟಕಿಯಿಂದ ನೋಡಿದ್ರು, ಸೈರನ್ ಆದ ಕೂಡ್ಲೆ ಟವೆಲ್ ನೀರಲ್ಲಿ ಅದ್ದಿಕೊಂಡ್ರು. ನನ್ನ ಹಿಂದೇನೇ ಬರ್ತಿದ್ದಾರೆ ಅಂದ್ಕೊಂಡೆ.”

ಮೇಲ್ವಿಚಾರಕಿಗೆ ಕಿವಿಯಲ್ಲಿ ಸೈರನ್ ಕೂಡ ನಿಂತುಹೋದಂತಾಯಿತು. ಮತ್ತೆ ಒಳಗೆ ಯಾರು ಹೋಗ್ತಾರೆ? ಸೋಮವಾರದ ಆ ಮಾತು ಈಗ ಕೇಳಿಸಿತು, ಅವತ್ತು ಕೇಳಿಸಬೇಕಾಗಿದ್ದ ರೀತಿಯಲ್ಲಿ. ಅವನು ಕೇಳಿದ್ದು ತನ್ನ ಬಗ್ಗೆಯಲ್ಲ. ಯಾರೋ ಒಬ್ಬರು ಹೋಗಲೇಬೇಕು ಎಂದೇ ಅವನು ತಿಳಿದಿದ್ದಾನೆ. ರೂಮು ಈಗ ಫಿಟ್ಟರ್‌ದು ಎಂದು ತಿಳಿದಿದ್ದಾನೆ. ಫಿಟ್ಟರ್ ಒಳಗೆ ಹೋದದ್ದನ್ನು ಕಂಡಿದ್ದಾನೆ, ಹೊರಗೆ ಬಂದದ್ದನ್ನು ಕಂಡಿಲ್ಲ.

ಓಡಿಬಿಡಬೇಕು ಎನ್ನಿಸಿತು. ಓಡಲಿಲ್ಲ. ಉಸಿರಾಟದ ಸಿಲಿಂಡರ್ ಇಲ್ಲದೆ ಆ ಕಡೆ ಹೋದವರು ಇನ್ನೊಬ್ಬ ರೋಗಿಯಾಗುತ್ತಾರೆ ಅಷ್ಟೇ. ಒಬ್ಬರೇ ಹೋಗುವುದೂ ಕೂಡದು. ಆ ಕಿಟ್‌ಗಳ ಕಪಾಟು ಈಗ ಟ್ಯಾಂಕಿನ ಗೋಡೆಯಲ್ಲಿತ್ತು. ಅವಳೂ ಫಿಟ್ಟರೂ ಬೆನ್ನಿಗೆ ಸಿಲಿಂಡರ್ ಕಟ್ಟಿ, ಮುಖಕ್ಕೆ ಮಾಸ್ಕ್ ಬಿಗಿದು, ಒಬ್ಬರದನ್ನೊಬ್ಬರು ಎಳೆದು ನೋಡಿದರು. ಎಂಜಿನಿಯರ್ ಅವಳ ಭುಜದ ಪಟ್ಟಿ ಬಿಗಿದು, “ನಾನು ಇಲ್ಲೇ ನೋಡ್ತಿರ್ತೀನಿ. ರೂಮಿನ ಒಳಗೆ ಮಾತ್ರ ಹೋಗ್ಬೇಡಿ,” ಎಂದರು.

ಮಾಸ್ಕಿನೊಳಗೆ ತನ್ನ ಉಸಿರೇ ದೊಡ್ಡ ಪ್ರಾಣಿಯ ಉಸಿರಿನಂತೆ ಕೇಳುತ್ತಿತ್ತು. ಗ್ಯಾಸ್ ರೂಮಿನ ಪಕ್ಕದ ಗೋಡೆಯಲ್ಲಿ ಮೊದಲು ಮಾಸ್ಕಿನ ಪೆಟ್ಟಿಗೆ ಇದ್ದ ಜಾಗ ಖಾಲಿಯಾಗಿತ್ತು, ಮೊಳೆಯ ತೂತುಗಳು ಮಾತ್ರ. ಅದರ ಕೆಳಗೆ ನೆಲದ ಮೇಲೆ ಒದ್ದೆ ಹೆಜ್ಜೆಗಳು. ಅವನು ಇಲ್ಲಿಗೆ ಬಂದಿದ್ದಾನೆ, ಮಾಸ್ಕ್ ಹುಡುಕಿದ್ದಾನೆ. ಸಿಕ್ಕಿಲ್ಲ. ಹೆಜ್ಜೆಗಳು ಮೂಲೆ ತಿರುಗಿ ಬಾಗಿಲ ಕಡೆಗೆ ಹೋಗಿದ್ದವು.

ಮೂಲೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ. ಏನು ಕಾಣುತ್ತದೋ ಎಂದು. ಫಿಟ್ಟರ್ ಅವಳ ತೋಳು ತಟ್ಟಿದ. ತಿರುಗಿದರು.

ಪೈಲ್ವಾನ್ ಬಾಗಿಲ ಮುಂದೆ ನಿಂತಿದ್ದ. ಟವೆಲ್ ಮೂಗಿಗೊತ್ತಿಕೊಂಡು, ಇನ್ನೊಂದು ಕೈ ಬಾಗಿಲ ಹಿಡಿಯ ಮೇಲೆ. ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಹೋಗಲೂ ಆಗದೆ, ಹಿಂದೆ ಬರಲೂ ಆಗದೆ ಅವನು ಅಲ್ಲೇ ಕಲ್ಲಾಗಿದ್ದ. ಬಾಗಿಲ ಸಂದಿಯಿಂದ ಜಿನುಗಿದ ಗ್ಯಾಸಿಗೆ ಕಣ್ಣು ಕೆಂಡವಾಗಿ, ಬಾಗಿಲ ಗಾಜಿನಾಚೆ ಏನೂ ಕಾಣದಷ್ಟು ನೀರು ಸುರಿಯುತ್ತಿತ್ತು.

ಅವಳು ಅವನ ತೋಳು ಹಿಡಿದೆಳೆದಳು. ಅವನು ಕೊಸರಿದ.

“ಅವನು ಒಳಗಿದಾನೆ,” ಎಂದ, ಕೆಮ್ಮಿನ ನಡುವೆ. “ಮಗು ಇದೆ ಅವನಿಗೆ.”

“ಇಲ್ಲ, ಹೊರಗಿದಾನೆ,” ಎಂದು ಅವಳು ಅಂದದ್ದು ಮಾಸ್ಕಿನೊಳಗೇ ಗೊಗ್ಗರಾಗಿ ಹೋಯಿತು. ಹಿಡಿಯ ಮೇಲಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಫಿಟ್ಟರ್ ಅವನ ಎದುರಿಗೆ ಬಂದು ಮುಖವನ್ನು ಅವನ ಮುಖದ ಹತ್ತಿರಕ್ಕೆ ತಂದ, ಗಾಜಿನೊಳಗಿನ ಕಣ್ಣು ಕಾಣುವಷ್ಟು ಹತ್ತಿರ. ತನ್ನ ಎದೆಗೆ ತಾನೇ ಗುದ್ದಿಕೊಂಡ, ನಾನು, ನಾನು ಎನ್ನುವಂತೆ. ಪೈಲ್ವಾನ್ ನೋಡಿದ. ಬಹಳ ಹೊತ್ತು ನೋಡಿದಂತೆ ಅವಳಿಗನ್ನಿಸಿತು. ನಿಜಕ್ಕೆ ಒಂದು ಉಸಿರಿನಷ್ಟೂ ಇರಲಿಕ್ಕಿಲ್ಲ. ಆಮೇಲೆ ಬಾಗಿಲ ಹಿಡಿಯನ್ನು ಬಿಟ್ಟ. ಇಬ್ಬರೂ ಅವನನ್ನು ಎತ್ತಿಕೊಂಡಂತೆಯೇ ಗಾಳಿಗೆದುರಾಗಿ ನಡೆಸಿಕೊಂಡು ಹೋದರು.

ಟ್ಯಾಂಕಿನ ಬಳಿ ಲ್ಯಾಬಿನವಳು ಅವನ ಅಂಗಿ ಬಿಚ್ಚಿ, ಕಣ್ಣಿಗೆ ನೀರು ಬಿಡುತ್ತ ಕೂತಳು. ಸೈರನ್ ನಿಂತಿತು. ಗ್ಯಾಸ್ ರೂಮಿನಲ್ಲಿ ಆಗಬೇಕಾದ್ದೆಲ್ಲ ಸೈರನ್ ಕೂಗಿದ ಕೂಡಲೇ ತಾನಾಗಿ ಆಗಿಹೋಗಿತ್ತು: ಸಿಲಿಂಡರಿಗೆ ಕೂರಿಸಿದ ಮೋಟಾರು ವಾಲ್ವ್ ಮುಚ್ಚಿತ್ತು, ನೆಲಮಟ್ಟದ ಫ್ಯಾನು ಒಳಗುಳಿದ ಗ್ಯಾಸನ್ನು ಎಳೆದು, ಅದನ್ನು ಹೀರಿ ನಿರಪಾಯ ಮಾಡುವ ಕಾಸ್ಟಿಕ್ ದ್ರಾವಣದ ಗೋಪುರಕ್ಕೆ ದೂಡಿತ್ತು. ಅಗ್ನಿಶಾಮಕದವರು ಬಂದು ನೋಡಿದಾಗ ಸೀಸದ ವಾಷರ್ ಓರೆಯಾಗಿ ಕೂತಿದ್ದಷ್ಟೇ ಕಂಡಿತು. ಯಾರೂ ಒಳಗೆ ಹೋಗುವ ಅಗತ್ಯವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, ಈಗ ಪರವಾಗಿಲ್ಲ, ಆದರೆ ಇದರ ಪೆಟ್ಟು ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು, ಇವತ್ತು ಇಲ್ಲೇ ಇರಲಿ ಎಂದರು. ಅವನ ಹೆಂಡತಿ ಓಡಿ ಬಂದಳು. ಮೇಲ್ವಿಚಾರಕಿ ಮೊಗಸಾಲೆಯ ಬೆಂಚಿನಿಂದ ಎದ್ದು ನಿಂತಳು.

“ಆ ರೂಮಿನ ಹತ್ರ ಹೆಂಗೆ ಹೋದ್ರು? ನಾನು ನಿಂಗೆ ಹೇಳಿರಲಿಲ್ವಾ?”

“ಹೇಳಿದ್ರಿ ಅತ್ತಿಗೆ. ನಾನು ಹಾಗೇ ನಡ್ಕೊಂಡೆ. ಒಂದು ಮಾತೂ ಎತ್ತಲಿಲ್ಲ. ಅದಕ್ಕೇ ಹೋದ್ರು.”

ಅತ್ತಿಗೆ ಅವಳನ್ನೇ ನೋಡಿದಳು. ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಅವಳ ಮುಖದಲ್ಲೇ ನಿಂತಿತು. ಆಮೇಲೆ ಬೆಂಚಿನ ತುದಿಗೆ ಕುಸಿದಳು.

ಒಳಗೆ ಪೈಲ್ವಾನ್ ದಿಂಬಿಗೊರಗಿದ್ದ, ಮೂಗಿಗೆ ಆಕ್ಸಿಜನ್ ಕೊಳವೆ.

“ನಾನು ಕೇಳಿದ್ನಲ್ಲ ತಂಗಿ,” ಎಂದ. ದೂರುವ ದನಿಯಲ್ಲ. “ಒಳಗೆ ಯಾರು ಹೋಗ್ತಾರೆ ಅಂತ.”

“ಯಾರೂ ಹೋಗಲ್ಲ ಅಣ್ಣ. ಈಗ ಯಾರೂ ಹೋಗ್ಬೇಕಾಗಿಲ್ಲ. ಸೈರನ್ ಆದ್ರೆ ವಾಲ್ವ್ ತಾನಾಗೇ ಮುಚ್ಕೊಳ್ಳುತ್ತೆ. ನಿಮಗಾದದ್ದು ಇನ್ನೊಬ್ರಿಗೆ ಆಗಬಾರದು ಅಂತಾನೇ ಹಾಕಿಸಿದ್ದು.”

ಆಕ್ಸಿಜನ್ ಸುಯ್ಯೆನ್ನುತ್ತಿತ್ತು.

“ಇದನ್ನ ಸೋಮವಾರ ಹೇಳೋಕೆ ಎಷ್ಟು ಹೊತ್ತು ಹಿಡೀತಿತ್ತು?” ಎಂದ ಕೊನೆಗೆ.



ಮರುದಿನ ಎಂಜಿನಿಯರ್ ಅವಳನ್ನು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಹೋದಳು. ಅವರು ಫೈಲನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕೂತಿದ್ದರು.

“ತಾನಾಗೇ ಮುಚ್ಚೋ ವಾಲ್ವ್ ವಿಷಯ ಇದರಲ್ಲಿ ಎಲ್ಲಿದೆ ಹುಡುಕ್ತಿದ್ದೆ,” ಎಂದರು. “ಅರ್ಧ ಫೈಲ್ ದಾಟಿದ ಮೇಲೆ ಇದೆ. ಅದೂ ಮೋಟಾರಿನ ಮಾಡೆಲ್ ನಂಬರಿನ ಕೆಳಗೆ. ಅವರಿಗೆ ಇದನ್ನ ಓದಿಸಿದ್ರೂ ಗೊತ್ತಾಗ್ತಿರಲಿಲ್ಲ.” ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಏನು ಮೊದಲು ಹೇಳ್ಬೇಕಿತ್ತು?”

“ಏನೇನು ಹೊಸದು ಬಂದಿದೆ ಅಂತ ನಾವು ಲೆಕ್ಕ ಹಾಕಿದ್ವಿ ಸಾರ್. ಅವರು ಬಿಟ್ಟು ಹೋದಾಗ ಮಾಡ್ತಿದ್ದ ಯಾವ ಕೆಲಸ ಈಗ ಇಲ್ಲ ಅಂತ ಯಾರೂ ಯೋಚಿಸ್ಲಿಲ್ಲ. ಅವರ ಕೈ ಇನ್ನೂ ಆ ಹಳೇ ಕೆಲಸಾನೇ ಮಾಡ್ತಿತ್ತು. ಮತ್ತೆ ಅವರಾಗಿ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.”

ಪೈಲ್ವಾನ್ ಎರಡನೆಯ ಸಲ ಮರಳಿ ಬರುವ ಮೊದಲು ಅವಳು ಅವನ ಮನೆಗೆ ಹೋದಳು. ಈ ಬಾರಿ ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ. “ಅಣ್ಣ, ನೀವು ಮೊದಲು ಏನು ತಿಳ್ಕೋಬೇಕು ಹೇಳಿ. ಅಲ್ಲಿಂದಲೇ ಶುರು ಮಾಡೋಣ. ಸಾಕು ಅಂದಾಗ ನಿಲ್ಲಿಸ್ತೀನಿ,” ಎಂದಳು.

ಅವನು ಹೆಂಡತಿಯ ಮುಖ ನೋಡಿದ. ಅವಳು ಬೇಡವೆನ್ನಲಿಲ್ಲ.

“ಅದು ಮುಚ್ಕೊಳ್ಳೋದನ್ನ ನೋಡ್ಬೇಕು,” ಎಂದ.

ಡಾಕ್ಟರನ್ನೂ ಕೇಳಿದರು. ದೂರದಿಂದ, ಗ್ಯಾಸ್ ಇಲ್ಲದಾಗ, ಅವನಿಗೆ ಬೇಕೆನಿಸಿದಷ್ಟು ಹೊತ್ತು ಮಾತ್ರ ಎಂದರು. ಹಾಗೆ ಅವನು ಬಂದ ದಿನ ಖಾಲಿ ಸಿಲಿಂಡರಿಗೆ ಮೋಟಾರು ಕೂರಿಸಿ, ಎಂಜಿನಿಯರ್ ತಾವೇ ಪರೀಕ್ಷೆಯ ಗುಂಡಿಯ ಬಳಿ ನಿಂತರು. ಪೈಲ್ವಾನ್ ಬಾಗಿಲಿನ ಗಾಜಿನಾಚೆ, ಹೊರಗೆ. ಅವನ ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ಫಿಟ್ಟರ್. ಅವನ ಬೆವರಿನ ವಾಸನೆ ಅವಳಿಗೆ ಬರುತ್ತಿತ್ತು. ತನ್ನದೂ ಇರಬಹುದು.

ಸೈರನ್ ಕೂಗಿತು. ಅವನು ಹಿಂದಕ್ಕೆ ಜಿಗಿದ. ಫಿಟ್ಟರ್ ಬೆನ್ನಿಗೆ ಕೈ ಕೊಟ್ಟ. ಗಾಜಿನಾಚೆ ವಾಲ್ವಿನ ತಲೆ ಯಾರೂ ಮುಟ್ಟದೆ ನಿಧಾನಕ್ಕೆ ತಿರುಗಿ, ಗಟ್ಟಿಯಾಗಿ ಕೂತು ನಿಂತಿತು.

“ಇನ್ನೊಂದ್ಸಲ,” ಎಂದ ಪೈಲ್ವಾನ್.

ಇನ್ನೊಂದು ಸಲ ಮಾಡಿದರು.

“ಕರೆಂಟ್ ಹೋದ್ರೆ?”

“ಬ್ಯಾಟರಿ ಇದೆ,” ಎಂದರು ಎಂಜಿನಿಯರ್.

“ಬ್ಯಾಟರೀನೂ ಸತ್ತಿದ್ರೆ?”

ಎಂಜಿನಿಯರ್ ಅವಳ ಕಡೆ ನೋಡಿದರು. ಸುಳ್ಳು ಹೇಳುವುದು ಬೇಡ ಎಂದು ಅವಳು ಕಣ್ಣಲ್ಲೇ ಅಂದಳು.

“ಆಗ ಹೋಗ್ಬೇಕಾಗುತ್ತೆ ಅಣ್ಣ,” ಎಂದಳು. “ಆದ್ರೆ ಒಬ್ರೇ ಅಲ್ಲ, ಆ ಹಳೇ ಮಾಸ್ಕಿನಲ್ಲೂ ಅಲ್ಲ. ಅದಕ್ಕೆ ತರಬೇತಿ ಆದವರು ಬೇರೆ ಇದಾರೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಬ್ಯಾಟರಿ ಸರಿಯಿದೆಯಾ ಅಂತ ಪ್ರತಿ ಪಾಳಿ ನೋಡ್ತೀವಿ.”

ಅವನು ಗಾಜಿನೊಳಗೆ ಇನ್ನೊಮ್ಮೆ ನೋಡಿದ. ನಡುಕ ನಿಂತಿರಲಿಲ್ಲ. ಆದರೆ ಈಗ ಅದನ್ನು ಮುಚ್ಚಿಡಲು ಅವನು ಕೈಯನ್ನು ಜೇಬಿಗೆ ತುರುಕಲಿಲ್ಲ.

“ಸಾಕು ಇವತ್ತಿಗೆ,” ಎಂದ.

ಅವಳು ಆ ದಿನ ಇನ್ನೇನನ್ನೂ ಹೇಳಲಿಲ್ಲ. ಅವನು ಸೋಸುವ ಮನೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಮೇಲೆಲ್ಲೋ ಮಳೆ ಬಿದ್ದು ನದಿಯ ನೀರು ಕೆಂಪಗೆ ಬರತೊಡಗಿತು. ಲ್ಯಾಬಿನವಳು ಗಾಜಿನ ಪಾತ್ರೆಗಳನ್ನು ಸಾಲಾಗಿಟ್ಟು ಒಂದೊಂದಕ್ಕೆ ಒಂದೊಂದು ಪ್ರಮಾಣದ ಪಟಿಕ ಹಾಕಿ ಕಲಕಿದಳು. ಯಾವುದರಲ್ಲಿ ಮಣ್ಣು ಬೇಗ ತಳ ಹಿಡಿಯುತ್ತದೋ ನೋಡಬೇಕು. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಾಗ ಪೈಲ್ವಾನ್ ಮೊಣಕೈ ಮೇಜಿಗೂರಿ ಆ ಪಾತ್ರೆಗಳ ಮಟ್ಟಕ್ಕೆ ಕಣ್ಣಿಟ್ಟು ಕೂತಿದ್ದ. ಅವನನ್ನು ಕರೆಯದೆ, ಕೆಂಪು ನೀರು ನೋಡಲು ಹೊರಗೆ ಹೋದಳು.